ಗ್ರೂಪ್ ಕಟ್ಟಿದವರು ಹೊರಡುವ ಮೊದಲು ಓನರ್‌ಶಿಪ್ ಬದಲಾಯಿಸಿಕೊಂಡ ಬಗೆ

ಹಳೆ ರೇಡಿಯೊ ರಿಪೇರಿ ಮಾಡುವವರ ಒಂದು ಟೆಲಿಗ್ರಾಂ ಗ್ರೂಪಿನಲ್ಲಿ ನಾನು ಅಡ್ಮಿನ್. ಯಾವ ಸೆಟ್ಟಿನಲ್ಲಿ ಯಾವ ಕೆಪಾಸಿಟರ್ ಮೊದಲು ಹೋಗುತ್ತದೆ, ಡಯಲ್ ದಾರ ಹೇಗೆ ಸುತ್ತಬೇಕು ಎಂಬುದೆಲ್ಲ ಅಲ್ಲಿ ಫೋಟೊ ಸಮೇತ ಇದೆ. ಸರ್ಚ್ ಮಾಡಿದರೆ ಸಿಗುತ್ತದೆ, ಬೇರೆ ಕಡೆ ಹುಡುಕಿದರೂ ಸಿಗುವುದಿಲ್ಲ. ಗ್ರೂಪ್ ಕಟ್ಟಿದ ಹಿರಿಯರು ಫೋನಿನಿಂದಲೇ ದೂರ ಇರುತ್ತೇನೆ, ಟೆಲಿಗ್ರಾಂ ಬಿಡುತ್ತೇನೆ ಎಂದಾಗ ನನಗೆ ಮೊದಲು ತೋಚಿದ್ದು ಇದೇ ಸಂಗ್ರಹದ ಚಿಂತೆ.

ವಾಟ್ಸಾಪ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಇರುವ ಒಬ್ಬನೇ ಅಡ್ಮಿನ್ ಹೊರಟರೆ ಉಳಿದವರಲ್ಲಿ ಯಾರಿಗೋ ಆ ಸ್ಥಾನ ತಾನಾಗೇ ಹೋಗುತ್ತದೆ. ಹಳೆ ಮಾತುಕತೆ ಅವರವರ ಫೋನಿನಲ್ಲೇ ಇರುತ್ತದೆ. ಟೆಲಿಗ್ರಾಂನಲ್ಲಿ ಎಲ್ಲವೂ ಸರ್ವರ್‌ನಲ್ಲಿ ಇರುತ್ತದೆ, ಗ್ರೂಪನ್ನೇ ಅಳಿಸುವ ಅಧಿಕಾರ ಓನರ್, ಅಂದರೆ ಗ್ರೂಪ್ ಕಟ್ಟಿದವರ ಕೈಯಲ್ಲಿ. ಉಳಿದ ಅಡ್ಮಿನ್‌ಗಳು ಎಷ್ಟೇ ಜನ ಇದ್ದರೂ ಆ ಸ್ಥಾನವನ್ನು ತಾವಾಗಿ ತೆಗೆದುಕೊಳ್ಳಲು ಬರುವುದಿಲ್ಲ.

ನಿಜವಾದ ಅಪಾಯ ಹೊರಹೋಗುವ ಕ್ಷಣದಲ್ಲಿದೆ. ಓನರ್ ಗ್ರೂಪನ್ನು ಅಳಿಸಿ ಹೊರಡಲು ಹೋದಾಗ, ಎಲ್ಲ ಸದಸ್ಯರಿಗೂ ಅಳಿಸಬೇಕೇ ಎಂದು ಕೇಳುವ ಒಂದು ಟಿಕ್ ಬಾಕ್ಸ್ ಬರುತ್ತದೆ. ತನ್ನ ಫೋನ್ ಖಾಲಿಯಾಗಲಿ ಎಂದುಕೊಂಡು ಅದನ್ನು ಒತ್ತಿದರೆ ಎಲ್ಲರ ಸಂಗ್ರಹವೂ ಹೋಗುತ್ತದೆ. ಹಾಗಾಗಿ ಮೊದಲು ಫೋನ್ ಮಾಡಿದೆ. "ಸರ್, ನಾನು ಹೇಳುವವರೆಗೆ ಆ ಗ್ರೂಪಿನಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ" ಎಂದೆ. ಅವರು ನಕ್ಕು, "ನೀನೇ ಹೇಳಿಕೊಡು, ನಾನು ಬಟನ್ ಒತ್ತುತ್ತೇನೆ" ಎಂದರು.

ಅವರು ಹೋಗುವ ದಿನವೇ ಕೂತು ಮುಗಿಸುವ ಕೆಲಸ ಇದಲ್ಲ. ಓನರ್‌ಶಿಪ್ ಕೊಡುವವರ ಅಕೌಂಟಿನಲ್ಲಿ ಟು-ಸ್ಟೆಪ್ ವೆರಿಫಿಕೇಶನ್, ಅಂದರೆ ಎಸ್ಸೆಮ್ಮೆಸ್ ಕೋಡಿನ ಜೊತೆಗೆ ಇನ್ನೊಂದು ಪಾಸ್‌ವರ್ಡ್, ಆನ್ ಆಗಿ ಕನಿಷ್ಠ 7 ದಿನ ಆಗಿರಬೇಕು. ಬಳಸುವ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಕಳೆದಿರಬೇಕು. ಕದ್ದ ಅಕೌಂಟಿನಿಂದ ಯಾರೋ ಗ್ರೂಪು ಹಾರಿಸಿಕೊಂಡು ಹೋಗದಿರಲಿ ಎಂದು ಈ ತಡೆ. ನಮ್ಮವರು ಆ ಪಾಸ್‌ವರ್ಡ್ ಇಟ್ಟೇ ಇರಲಿಲ್ಲ. ಅವತ್ತೇ ಇಡಿಸಿದೆ, ಕಾಗದದ ಮೇಲೆ ಬರೆದಿಡಿ ಎಂದೆ. ಅದು ಮರೆತರೆ ಕೊನೆಯ ಹೆಜ್ಜೆಯಲ್ಲೇ ಕೈ ಕಟ್ಟುತ್ತದೆ.

ಆ ವಾರ ಸುಮ್ನೆ ಕೂರಲಿಲ್ಲ. ಕಂಪ್ಯೂಟರಿನ ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ಗ್ರೂಪ್ ತೆರೆದು, ಮೂರು ಚುಕ್ಕಿಯ ಮೆನುವಿನಿಂದ `Export chat history` ಆರಿಸಿದೆ. ಫೋಟೊ, ಫೈಲ್ ಎರಡಕ್ಕೂ ಟಿಕ್ ಹಾಕಬೇಕು, ಫೈಲ್ ಗಾತ್ರದ ಮಿತಿಯನ್ನೂ ಏರಿಸಬೇಕು. ಇಲ್ಲದಿದ್ದರೆ ದೊಡ್ಡ ಪಿಡಿಎಫ್‌ಗಳು ಬಿಟ್ಟುಹೋಗುತ್ತವೆ, ನಮಗೆ ಬೇಕಾದ ಸರ್ಕ್ಯೂಟ್ ಚಿತ್ರಗಳು ಇರುವುದೇ ಅವುಗಳಲ್ಲಿ. ಹೊಸ ಓನರ್ ಏನಾದರೂ ಎಡವಟ್ಟು ಮಾಡಿದರೂ ಇದೊಂದು ಪ್ರತಿ ಉಳಿದಿರುತ್ತದೆ. ಆ ಹೊಸ ಓನರ್ ನಾನೇ ಅನ್ನುವುದು ಬೇರೆ ಮಾತು.

ವಾರ ಕಳೆದ ಮೇಲೆ ಇಬ್ಬರೂ ಫೋನ್ ಹಿಡಿದು ಕೂತೆವು. ಅವರು ಅಡ್ಮಿನ್‌ಗಳ ಪಟ್ಟಿಯಲ್ಲಿ ನನ್ನ ಹೆಸರು ಒತ್ತಿ ಎಲ್ಲ ಹಕ್ಕುಗಳನ್ನೂ ಆನ್ ಮಾಡಿದರು, `Add New Admins` ಕೂಡ. "ಟ್ರಾನ್ಸ್‌ಫರ್ ಬಟನ್ನೇ ಇಲ್ಲವಲ್ಲ" ಎಂದು ಜನ ಹುಡುಕುವುದು ಸಾಮಾನ್ಯವಾಗಿ ಇಲ್ಲೇ. ಈ ಹಕ್ಕುಗಳನ್ನೆಲ್ಲ ಕೊಟ್ಟ ಮೇಲೆ ಕೆಳಗೆ `Transfer Group Ownership` ಕಾಣುತ್ತದೆ. ಒತ್ತಿದರು, ಪಾಸ್‌ವರ್ಡ್ ಹಾಕಿದರು, ನನ್ನ ಹೆಸರಿನ ಮುಂದೆ ಓನರ್ ಎಂದು ಬಂತು. ಅವರು ಸಾಮಾನ್ಯ ಅಡ್ಮಿನ್ ಆದರು.

ಅವರು ಹೊರಡುವ ಮುಂಚೆಯೇ ಒಂದು ಪರೀಕ್ಷೆ ಮಾಡಿದೆ. ಹೊಸಬರಿಗೆ ಹಳೆ ಸಂದೇಶ ಕಾಣಬೇಕೋ ಬೇಡವೋ ಎಂಬ ಸೆಟ್ಟಿಂಗ್ ಬೇರೆಯೇ ಇದೆ, ಓನರ್ ಬದಲಾದರೆ ಅದು ತಾನಾಗಿ ಬದಲಾಗುವುದಿಲ್ಲ. `Chat History` ಎಂಬುದನ್ನು `Visible` ಮಾಡಿ, ಒಬ್ಬ ಹೊಸ ಸದಸ್ಯನನ್ನು ಸೇರಿಸಿ, "ಹಳೆಯ ಫೋಟೊ ಕಾಣುತ್ತಾ?" ಎಂದು ಕೇಳಿದೆ. ಕಂಡಿತು. ಆಮೇಲೆ ಹಿರಿಯರು ಹೊರಗೆ ಹೋದರು. ಅವರು ಬರೆದ ಉತ್ತರಗಳೆಲ್ಲ ಅಲ್ಲೇ ಇವೆ. ಮುಂದೆ ಅವರು ಅಕೌಂಟನ್ನೇ ಅಳಿಸಿದರೆ ಹೆಸರು ಹೋಗಿ `Deleted Account` ಎಂದು ಬರುತ್ತದೆ, ಅಷ್ಟೇ.

ಗ್ರೂಪಿನ ಜೊತೆ ಬರದೇ ಉಳಿದದ್ದು ಎರಡು. ಪಿನ್ ಮಾಡಿದ್ದ ಲಿಂಕಿನ ಗೂಗಲ್ ಡ್ರೈವ್ ಫೋಲ್ಡರ್ ಅವರ ಅಕೌಂಟಿನದು, ಅದರಲ್ಲಿದ್ದುದನ್ನೆಲ್ಲ ನನ್ನ ಡ್ರೈವ್‌ಗೆ ನಕಲು ಮಾಡಿಕೊಂಡು ಹೊಸ ಲಿಂಕ್ ಪಿನ್ ಮಾಡಿದೆ. ಸ್ವಾಗತ ಹೇಳುವ ಬಾಟ್ ಕೂಡ ಅವರೇ ಮಾಡಿದ್ದು. ಬಾಟ್‌ಗೆ ಓನರ್ ಬೇರೆಯೇ ಇರುತ್ತಾರೆ, ಅದನ್ನು ಬಾಟ್‌ಗಳನ್ನು ನೋಡಿಕೊಳ್ಳುವ ಟೆಲಿಗ್ರಾಂನದೇ ಬಾಟ್ `@BotFather` ಮೂಲಕ ಪ್ರತ್ಯೇಕವಾಗಿ ವರ್ಗಾಯಿಸಬೇಕು. ಅವರ ಅಕೌಂಟ್ ಇರುವಾಗಲೇ ಅದನ್ನೂ ಮುಗಿಸಿಕೊಂಡೆವು.