ಒಂದೇ ಸೈಟಿನಿಂದ ಡೌನ್‌ಲೋಡ್ ನಿಧಾನವೇ? ಪ್ಲಾನ್ ಬದಲಿಸುವ ಮುನ್ನ ಇದನ್ನು ನೋಡಿ

ಕಲಬುರಗಿಯಲ್ಲಿ 100 ಎಂಬಿಪಿಎಸ್ ಫೈಬರ್ ಇದ್ದರೆ ಡೌನ್‌ಲೋಡ್ ಸೆಕೆಂಡಿಗೆ 11-12 ಎಂಬಿ ಬರಬೇಕು. ಸ್ಪೀಡ್ ಟೆಸ್ಟ್ ಸರಿಯಾಗಿದೆ, ಯೂಟ್ಯೂಬ್ ಓಡುತ್ತದೆ, ಆದರೆ ಒಂದು ಸೈಟಿನ 4 ಜಿಬಿ ಫೈಲ್ ಮಾತ್ರ 300 ಕೆಬಿಯಲ್ಲಿ ತೆವಳುತ್ತದೆ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಮೂರೂವರೆ ತಾಸಿಗಿಂತ ಹೆಚ್ಚೇ ಬೇಕು. ಸ್ಪೀಡ್ ಟೆಸ್ಟ್ ಸರ್ವರ್ ಹೆಚ್ಚಾಗಿ ನಿಮ್ಮ ಇಂಟರ್ನೆಟ್ ಕಂಪನಿಯ ಜಾಲದೊಳಗೇ ಅಥವಾ ಹತ್ತಿರದಲ್ಲೇ ಇರುವುದರಿಂದ ಹೊರದಾರಿಯ ಇಕ್ಕಟ್ಟು ಅದರಲ್ಲಿ ಕಾಣುವುದಿಲ್ಲ.

ಮೊದಲು ಅದೇ ಲಿಂಕನ್ನು ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್‌ನಲ್ಲಿ ಒಂದು ನಿಮಿಷ ಓಡಿಸಿ. ಅಲ್ಲೂ 300 ಕೆಬಿಯೇ ಬಂದರೆ ಮಿತಿ ಬಹುತೇಕ ಸರ್ವರ್‌ನದು. ಆಗ ಒಟ್ಟಿಗೆ ಎರಡು ಫೈಲ್ ಹಾಕಿ ನೋಡಿ: ಎರಡಕ್ಕೂ 300 ಸಿಕ್ಕರೆ ಅದು ಪ್ರತಿ ಕನೆಕ್ಷನ್ನಿನ ಮಿತಿ, 150ರಂತೆ ಹಂಚಿಹೋದರೆ ನಿಮ್ಮ ಐಪಿ ವಿಳಾಸಕ್ಕೇ ಮಿತಿ. ಅದೇ ಫೈಲಿನ ಪ್ರತಿ ಇಟ್ಟಿರುವ ಭಾರತದ ಸರ್ವರ್, ಅಂದರೆ ಮಿರರ್, ಇದ್ದರೆ ಅದನ್ನೇ ಆರಿಸಿ.

ಸಿಮ್‌ನಲ್ಲಿ ಜೋರಾಗಿ ಬಂದರೆ ಮನೆಯ ಕಂಪನಿಯ ದಾರಿ ನೋಡಬೇಕು. ಸೈಟು ಹಲವು ಊರುಗಳ ಸರ್ವರ್‌ಗಳಿಂದ ಫೈಲ್ ಹಂಚುವ ಸಿಡಿಎನ್ ಬಳಸುತ್ತಿದ್ದರೆ, ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹುಡುಕಿಕೊಡಲು ರೌಟರ್‌ನಲ್ಲಿ ಹಾಕಿದ ಹೊರಗಿನ ಡಿಎನ್‌ಎಸ್‌ನಿಂದಾಗಿ ದೂರದ ಸರ್ವರ್ ಸಿಕ್ಕಿರಬಹುದು. ಕಂಪನಿಯದೇ ಡಿಎನ್‌ಎಸ್‌ಗೆ ಮರಳಿಸಿ, ಬ್ರೌಸರ್ ಮುಚ್ಚಿ ತೆರೆದು ಪರೀಕ್ಷಿಸಿ.

ಬೆಳಗಿನ 6ಕ್ಕೆ ವೇಗವಿದ್ದು ರಾತ್ರಿ 9ಕ್ಕೆ ಮಾತ್ರ ಕುಸಿಯುತ್ತದೆಯೇ? ಹಾಗಾದರೆ ಎರಡು ಜಾಲಗಳು ಕೂಡುವ ಪೀರಿಂಗ್ ಕೊಂಡಿ ತುಂಬಿರುವ ಸಂಭವ ಹೆಚ್ಚು. ಎರಡೂ ಹೊತ್ತಿನಲ್ಲಿ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ:

```
tracert ಸೈಟಿನ-ಹೆಸರು
```

ದಾರಿಯ ಒಂದೊಂದು ರೌಟರ್‌ಗೆ ಒಂದೊಂದು ಸಾಲು ಬರುತ್ತದೆ. ಯಾವುದೋ ಒಂದು ಸಾಲಿನಿಂದ ಕೊನೆಯವರೆಗೂ ರಾತ್ರಿಯ ಮಿಲಿಸೆಕೆಂಡು ಏರಿದ್ದರೆ ಅದು ಬಲವಾದ ಸುಳಿವು. ನಡುವಿನ ಒಂದೇ ಸಾಲು ಏರಿದರೆ ಲೆಕ್ಕಕ್ಕಿಲ್ಲ. ದೂರಿನಲ್ಲಿ "ನೆಟ್ ಸ್ಲೋ" ಎನ್ನದೆ ಎರಡೂ ಫಲಿತಾಂಶ, ಸಮಯ ಮತ್ತು ಸಿಮ್‌ನ ವೇಗ ಕಳಿಸಿ, ನೆಟ್‌ವರ್ಕ್ ವಿಭಾಗಕ್ಕೆ ದಾಟಿಸಲು ಕೇಳಿ. ಕೇಬಲ್ ಬದಲಿಸಲು ಬಂದ ಹುಡುಗನಿಂದ ಇದು ಸರಿಹೋಗದು.