15 ಓವರಿನ ಫೈನಲ್, 20 ಓವರಿನ ಬೆಟ್

ಇಂಗ್ಲೆಂಡಿನಲ್ಲಿ ಲೈಸೆನ್ಸ್ ಪಡೆದ ಒಂದು ಬೆಟ್ಟಿಂಗ್ ಕಂಪನಿಯ ಕ್ರಿಕೆಟ್ ಸೆಟಲ್‌ಮೆಂಟ್ ಡೆಸ್ಕಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ದರ ಹಾಕುವವರು ಬೇರೆ. ಯಾವ ಬೆಟ್ ಗೆದ್ದಿತು, ಯಾವುದು ಸೋತಿತು, ಯಾವುದರ ದುಡ್ಡು ವಾಪಸ್ ಹೋಗಬೇಕು ಅನ್ನುವುದಷ್ಟೇ ನಮ್ಮ ಪಾಲಿನ ಕೆಲಸ. ಬಿಸಿಲಿನ ದಿನ ಅದನ್ನು ಕಂಪ್ಯೂಟರೇ ಮಾಡಿ ಮುಗಿಸುತ್ತದೆ. ಪಿಚ್ ಮೇಲೆ ಕವರ್ ಎಳೆದರು ಅಂದರೆ ಮಾತ್ರ ನಮ್ಮನ್ನು ಕರೆಯುತ್ತಾರೆ.

ಹೊಸಬರಿಗೆ ಈ ಕೆಲಸ ಹೇಳಿಕೊಡುವಾಗ ನಾನು 2023ರ ಐಪಿಎಲ್ ಫೈನಲ್ ಒಂದನ್ನೇ ತೆಗೆದುಕೊಳ್ಳುತ್ತಿದ್ದೆ. ಅಹಮದಾಬಾದಿನಲ್ಲಿ ಮೇ 28ರ ಆಟ ಪೂರ್ತಿ ಮಳೆಗೆ ಹೋಯಿತು, 29ಕ್ಕೆ ಮುಂದೂಡಿದರು. ಗುಜರಾತ್ ಟೈಟನ್ಸ್ 20 ಓವರಿನಲ್ಲಿ 4 ವಿಕೆಟಿಗೆ 214 ಹೊಡೆಯಿತು. ಚೆನ್ನೈ ಮೂರು ಎಸೆತ ಆಡಿ ವಿಕೆಟ್ ಇಲ್ಲದೆ 4 ರನ್ ಮಾಡಿದ್ದಾಗ ಮತ್ತೆ ಮಳೆ. ಆಟ ಮತ್ತೆ ಶುರುವಾದದ್ದು ಭಾರತದ ಸಮಯ ರಾತ್ರಿ 12.10ಕ್ಕೆ, 15 ಓವರಿಗೆ ಇಳಿದು. ಡಕ್ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕದಲ್ಲಿ ಗುರಿ 171. ಕೊನೆಯ ಎಸೆತದಲ್ಲಿ ಚೆನ್ನೈ ಅದನ್ನು ಮುಟ್ಟಿತು.

ನಾನು ಮೊದಲು ನೋಡುವುದು ಸ್ಕೋರನ್ನಲ್ಲ, ಬೆಟ್ ಹಾಕಿದ ಗಳಿಗೆಯನ್ನು. 'ಚೆನ್ನೈ ಇನಿಂಗ್ಸ್ ಮೊತ್ತ' ಅನ್ನುವ ಒಂದೇ ಹೆಸರಿನಡಿ ಎರಡು ಬಗೆಯ ಬೆಟ್‌ಗಳು ಕೂತಿರುತ್ತವೆ. ಮಳೆಗೆ ಮುಂಚೆ ಹಾಕಿದ್ದು 20 ಓವರಿನ ಆಟದ ಮೇಲೆ, 15 ಓವರ್ ಎಂದು ಘೋಷಣೆಯಾದ ಮೇಲೆ ಹಾಕಿದ್ದು 15 ಓವರಿನ ಆಟದ ಮೇಲೆ. ಎರಡನೆಯದರಲ್ಲಿ ತಕರಾರಿಗೆ ಜಾಗವೇ ಇಲ್ಲ, 171ಕ್ಕೆ ಇತ್ಯರ್ಥ ಮಾಡಿ ಮುಂದೆ ಹೋಗಬಹುದು. ಇವೆರಡರ ನಡುವೆ ಸಣ್ಣದೊಂದು ಸಂದಿ ಉಳಿಯುತ್ತದೆ. ಮೈದಾನದಲ್ಲಿ ಓವರ್ ಕಡಿತ ಘೋಷಿಸಿಯಾಗಿದೆ, ನಮ್ಮ ಮಾರುಕಟ್ಟೆ ಇನ್ನೂ ಹಳೆಯ ದರದಲ್ಲಿ ತೆರೆದೇ ಇದೆ. ಆ ಒಂದೆರಡು ನಿಮಿಷದಲ್ಲಿ ಬಂದ ಬೆಟ್‌ಗಳನ್ನು ಬೇರೆ ಎತ್ತಿಟ್ಟು ಒಂದೊಂದಾಗಿ ನೋಡುತ್ತಿದ್ದೆ. 'ಮೊತ್ತ ಕಡಿಮೆ' ಕಡೆಗೆ ಇದ್ದಕ್ಕಿದ್ದಂತೆ ದೊಡ್ಡ ದೊಡ್ಡ ಬೆಟ್ ಬಂದಿದ್ದರೆ, ಸುದ್ದಿ ನಮಗಿಂತ ಮೊದಲು ಅವರಿಗೆ ಮುಟ್ಟಿದೆ ಎಂದು ಗೊತ್ತಾಗುತ್ತಿತ್ತು.

ಇನ್ನು ಮಳೆಗೆ ಮುಂಚಿನವು. ನಮ್ಮ ನಿಯಮ ಹೀಗಿತ್ತು: ಬೆಟ್ ಹಾಕಿದಾಗ ಎಷ್ಟು ಓವರ್ ನಿಗದಿಯಾಗಿತ್ತೋ ಅದರಲ್ಲಿ ಶೇಕಡ 80ರಷ್ಟಾದರೂ ಆಡಲು ಅವಕಾಶ ಸಿಗದಿದ್ದರೆ ಇನಿಂಗ್ಸ್ ಮೊತ್ತದ ಬೆಟ್ ರದ್ದು, ದುಡ್ಡು ವಾಪಸ್. ಆದರೆ ಅಷ್ಟರೊಳಗೇ ಮೊತ್ತ ಬೆಟ್‌ನ ಗೆರೆಯನ್ನು ದಾಟಿ ಫಲಿತಾಂಶ ಖಚಿತವಾಗಿಬಿಟ್ಟಿದ್ದರೆ ಬೆಟ್ ನಿಲ್ಲುತ್ತದೆ. ಶೇಕಡಾವಾರು ಕಂಪನಿಯಿಂದ ಕಂಪನಿಗೆ ಬೇರೆ. ಓವರ್ ಒಂದು ಕಡಿತವಾದರೂ ರದ್ದು ಮಾಡುವವರಿದ್ದಾರೆ. ಅದಕ್ಕೇ ಎರಡು ಕಂಪನಿಗಳಲ್ಲಿ ಒಂದೇ ಬೆಟ್ ಹಾಕಿದವನಿಗೆ ಒಂದರಲ್ಲಿ ದುಡ್ಡು ಬಂದು ಇನ್ನೊಂದರಲ್ಲಿ ಹೋಗಿರಬಹುದು, ಎರಡು ಕಂಪನಿಗಳೂ ತಪ್ಪು ಮಾಡಿರುವುದಿಲ್ಲ.

20ಕ್ಕೆ 15 ಅಂದರೆ ಶೇಕಡ 75. ಆದ್ದರಿಂದ ಚೆನ್ನೈ ಮೊತ್ತ 190.5ರ ಗೆರೆಯ ಮೇಲೆ ಹೋಗುತ್ತದೆ ಎಂದವರಿಗೂ ಕೆಳಗೆ ಉಳಿಯುತ್ತದೆ ಎಂದವರಿಗೂ ದುಡ್ಡು ವಾಪಸ್. ಇದರಲ್ಲೇನು ವಿಶೇಷ ಅನ್ನಿಸಬಹುದು. ಒಂದೇ ಒಂದು ಓವರ್ ಹೆಚ್ಚು ಸಿಕ್ಕಿ 16 ಆಗಿದ್ದರೆ ಶೇಕಡ 80 ತುಂಬಿ ಬೆಟ್ ನಿಲ್ಲುತ್ತಿತ್ತು. ಆಗಲೂ ಗುರಿ 190ರ ಹತ್ತಿರಕ್ಕೆ ಬರುತ್ತಿರಲಿಲ್ಲ. ಗುರಿ ಮುಟ್ಟಿದ ಕೂಡಲೇ ಇನಿಂಗ್ಸ್ ಮುಗಿಯುವುದರಿಂದ 'ಕೆಳಗೆ' ಎಂದವರು ಒಂದು ಎಸೆತವನ್ನೂ ನೋಡದೆ ಗೆದ್ದಂತೆಯೇ. ಮಳೆ ಹತ್ತು ನಿಮಿಷ ಮೊದಲು ನಿಂತಿತೋ ಆಮೇಲೆ ನಿಂತಿತೋ ಅನ್ನುವುದರ ಮೇಲೆ ರದ್ದಾಗಬೇಕಿದ್ದ ಬೆಟ್ ಖಚಿತ ಗೆಲುವಾಗಿ ಬದಲಾಗುತ್ತದೆ. ಈ ಶೇಕಡ 80 ನನಗೆ ಯಾವತ್ತೂ ಇಷ್ಟವಾದ ನಿಯಮವಲ್ಲ. ಬೆನ್ನಟ್ಟುವ ತಂಡದ ಮೊತ್ತಕ್ಕಂತೂ ಅದು ಹೊಂದುವುದೇ ಇಲ್ಲ.

ಕೆಳಗಿನ ಗೆರೆಗಳಲ್ಲಿ ಆಟ ತಿರುಗುಮುರುಗು. 165.5ರ ಗೆರೆ ತೆಗೆದುಕೊಳ್ಳಿ. ಕೊನೆಯ ಓವರಿಗೆ 13 ಬೇಕಿತ್ತು, ಅಂದರೆ ಚೆನ್ನೈ ಆಗ 158. ಮೋಹಿತ್ ಶರ್ಮಾ ಮೊದಲ ನಾಲ್ಕು ಎಸೆತದಲ್ಲಿ ಮೂರೇ ರನ್ ಕೊಟ್ಟರು, 161 ಆಯಿತು. ಐದನೆಯದನ್ನು ಜಡೇಜ ಸಿಕ್ಸರಿಗೆ ಎತ್ತಿದರು, 167. ಎಲ್ಲರೂ ಟ್ರೋಫಿ ಯಾರಿಗೆ ಎಂದು ಉಸಿರು ಬಿಗಿಹಿಡಿದಿದ್ದಾಗ ನಮ್ಮ ಪರದೆಯ ಮೇಲೆ 165.5 ದಾಟಿ ಆ ಬೆಟ್ 'ಖಚಿತ' ಆಯಿತು. 'ಮೇಲೆ' ಎಂದವರು ಗೆದ್ದರು, 'ಕೆಳಗೆ' ಎಂದವರು ಸೋತರು. ಆ ಸಿಕ್ಸ್ ಬಾರದೆ 161ರ ಆಸುಪಾಸಿನಲ್ಲೇ ಮುಗಿದಿದ್ದರೆ? 'ಕೆಳಗೆ' ಎಂದವರು ಗೆಲ್ಲುತ್ತಿರಲಿಲ್ಲ, ಇಬ್ಬರಿಗೂ ದುಡ್ಡು ವಾಪಸ್ ಅಷ್ಟೆ. ಹೆಚ್ಚು ಓವರ್ ಕಡಿತವಾದ ಮೇಲೆ 'ಮೇಲೆ' ಎಂದವನು ಗೆಲ್ಲಬಹುದು ಇಲ್ಲವೇ ದುಡ್ಡು ವಾಪಸ್ ಪಡೆಯಬಹುದು, ಸೋಲು ಅವನಿಗಿಲ್ಲ. 'ಕೆಳಗೆ' ಎಂದವನಿಗೆ ಗೆಲುವಿಲ್ಲ. ಇದನ್ನು ಬಲ್ಲ, ದರ ಹಾಕುವ ಟ್ರೇಡರುಗಳು ಮೋಡ ಕವಿದ ಸಂಜೆ ಕೆಳಗಿನ ಗೆರೆಗಳಲ್ಲಿ 'ಮೇಲೆ' ಎಂಬುದರ ದರವನ್ನು ಸದ್ದಿಲ್ಲದೆ ಇಳಿಸಿರುತ್ತಾರೆ.

ಇನಿಂಗ್ಸಿನ ಒಂದು ಭಾಗದ ರನ್ ಮೇಲೆ ಹಾಕುವ ಸೆಷನ್ ಬೆಟ್‌ಗಳಲ್ಲಿ ನಾನು ಮಾರುಕಟ್ಟೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದೆ. 'ಮೊದಲ 6 ಓವರಿನ ರನ್' ಎಂದು ಬರೆದಿದ್ದರೆ, ಆ 6 ಓವರ್ ಪೂರ್ತಿ ಆಡಿದ್ದರಿಂದ ನಮ್ಮಲ್ಲಿ ಅದು ನಿಂತಿತು. 'ಪವರ್‌ಪ್ಲೇ ರನ್' ಎಂದಿದ್ದದ್ದು ರದ್ದು, ಯಾಕೆಂದರೆ 15 ಓವರಿನ ಆಟದಲ್ಲಿ ಪವರ್‌ಪ್ಲೇ 4 ಓವರಿಗೆ ಇಳಿದಿತ್ತು. 'ಮೊದಲ 6' ಎಂದು ಹಾಕಿದ ಬೆಟ್ಟನ್ನು ಮಳೆ ಎರಡೂ ಕಡೆಗೆ ಎಳೆಯುತ್ತದೆ. ಆ ಆರರಲ್ಲಿ ಕೊನೆಯ ಎರಡು ಓವರಿಗೆ ಫೀಲ್ಡರುಗಳು ಬೌಂಡರಿಗೆ ಹರಡಿರುತ್ತಾರೆ, ಆದರೆ ಬ್ಯಾಟರುಗಳಿಗೆ ಹತ್ತೂ ವಿಕೆಟ್ ಇಟ್ಟುಕೊಂಡು 15 ಓವರ್ ಮಾತ್ರ ಆಡಬೇಕಿರುವುದರಿಂದ ಹೆದರಿಕೆ ಇರುವುದಿಲ್ಲ. ಗಾಯಕ್ವಾಡ್ ಮತ್ತು ಕಾನ್ವೇ ಏಳನೇ ಓವರಿನವರೆಗೆ ಬೇರೆಯಾಗದೆ 74 ಸೇರಿಸಿದ್ದರು. ಟೆಸ್ಟಿನಲ್ಲಿ ಊಟದಿಂದ ಚಹಾದವರೆಗಿನ ರನ್ ಮೇಲಿನ ಬೆಟ್‌ಗೆ ಇಂತಿಷ್ಟು ಓವರ್ ಆಗಿರಲೇಬೇಕು ಎಂಬ ಮಿತಿ ಇರುತ್ತದೆ, ನಮ್ಮಲ್ಲಿ 20.

ದಾವಣಗೆರೆಯಿಂದ ನನ್ನ ಮಾವ ಫೋನ್ ಮಾಡಿ, "ನಮ್ಮೂರಾಗ ಮಳಿ ಬಂದ್ರ ಬುಕ್ಕಿ ಏನು ಹೇಳ್ತಾನೋ ಅದ ರೂಲ್ ನೋಡಪ್ಪಾ" ಅಂದಿದ್ದರು. ನಿಜವೇ. ಅಲ್ಲಿ ಆ ದಂಧೆಯೇ ಕಾನೂನುಬಾಹಿರ, ಆನ್‌ಲೈನ್ ದುಡ್ಡಿನಾಟವನ್ನೂ ನಿಷೇಧಿಸುವ ಕೇಂದ್ರ ಕಾಯ್ದೆ 2025ರಲ್ಲಿ ಬಂದಿದೆ. ತಕರಾರು ಎತ್ತಿಕೊಂಡು ಹೋಗಲು ಬಾಗಿಲೇ ಇಲ್ಲ.

ತಂಡದಲ್ಲಿ ಅತಿ ಹೆಚ್ಚು ರನ್ ಯಾರದು ಎಂಬ ಟಾಪ್ ಬ್ಯಾಟರ್ ಬೆಟ್ ಇವುಗಳಲ್ಲಿ ಸುಲಭದ್ದು. ಗುಜರಾತಿನದು ಮಳೆಗೆ ಮೊದಲೇ ಮುಗಿದಿತ್ತು, ಸಾಯಿ ಸುದರ್ಶನ್ 96. ಚೆನ್ನೈಯದಕ್ಕೆ ಕನಿಷ್ಠ ಓವರುಗಳ ಮಿತಿ ದಾಟಿದ್ದರಿಂದ 47 ಹೊಡೆದ ಕಾನ್ವೇಗೆ ಹೋಯಿತು. ಹನ್ನೊಂದರಲ್ಲಿ ಹೆಸರಿದ್ದು ಬ್ಯಾಟಿಂಗೇ ಸಿಗದವನ ಮೇಲೆ ಹಾಕಿದ್ದರೆ ದುಡ್ಡು ಹೋಯಿತು, ಮಳೆಯ ಕಾರಣಕ್ಕೆ ವಾಪಸ್ ಇಲ್ಲ. ಓವರ್ ಕಡಿತದಿಂದ ಆರಂಭಿಕರಿಗೆ ಅನುಕೂಲ, ಐದನೇ ಆರನೇ ಕ್ರಮಾಂಕದವರಿಗೆ ನಷ್ಟ, ಆದರೂ ಹಳೆಯ ಬೆಟ್ ಹಳೆಯ ದರದಲ್ಲೇ ಉಳಿಯುತ್ತದೆ. ಇಬ್ಬರು ಸಮ ರನ್ ಮಾಡಿದ್ದರೆ ಹಾಕಿದ ದುಡ್ಡನ್ನು ಎರಡು ಪಾಲು ಮಾಡಬೇಕು: 4.0 ದರದಲ್ಲಿ 10 ಪೌಂಡ್ ಹಾಕಿದವನಿಗೆ 5 ಪೌಂಡಿನ ಲೆಕ್ಕದಲ್ಲಿ 20 ಪೌಂಡ್ ಸಿಗುತ್ತದೆ, 40 ಅಲ್ಲ. ದೂರಿನ ಫೋನ್ ಹೆಚ್ಚು ಬರುತ್ತಿದ್ದದ್ದು ಇದಕ್ಕೇ.

ಆ ರಾತ್ರಿ ಮಳೆ ನಿಲ್ಲದೇ ಹೋಗಿದ್ದರೆ ಏನು ಮಾಡಬೇಕೆಂದು ನಾನು ಕಾಯುತ್ತ ಕೂತಾಗಲೇ ಬರೆದಿಟ್ಟುಕೊಂಡಿದ್ದೆ. ಚೆನ್ನೈ ಕನಿಷ್ಠ 5 ಓವರ್ ಆಡದಿದ್ದರೆ ಪಂದ್ಯಕ್ಕೆ ಫಲಿತಾಂಶವಿಲ್ಲ, 'ಪಂದ್ಯ ಯಾರು ಗೆಲ್ಲುತ್ತಾರೆ' ಎಂಬ ಬೆಟ್‌ಗಳೆಲ್ಲ ರದ್ದು. ಆದರೆ ಲೀಗ್ ಪಟ್ಟಿಯಲ್ಲಿ ಮೇಲಿದ್ದ ಗುಜರಾತಿಗೆ ಟ್ರೋಫಿ ಹೋಗುತ್ತಿತ್ತು, 'ಚಾಂಪಿಯನ್ ಯಾರು' ಎಂಬ ಬೆಟ್‌ನಲ್ಲಿ ಗುಜರಾತ್ ಎಂದವರಿಗೆ ಪೂರ್ತಿ ದುಡ್ಡು ಕೊಡಬೇಕಾಗುತ್ತಿತ್ತು. ಒಂದೇ ರಾತ್ರಿ ಒಂದೇ ತಂಡದ ಮೇಲೆ ಎರಡೂ ಬೆಟ್ ಹಾಕಿದ್ದವನಿಗೆ ಒಂದರಲ್ಲಿ ಹಾಕಿದಷ್ಟೇ ವಾಪಸ್, ಇನ್ನೊಂದರಲ್ಲಿ ಗೆಲುವು.