ಹಳದಿ ಕನ್ನಡಕ ಹಾಕ್ಕೊಂಡು ಎರಡು ತಿಂಗಳು ರಾತ್ರಿ ಗಾಡಿ ಓಡಿಸಿದ ಮೇಲೆ

ನಮ್ದು ಶ್ರೀನಿವಾಸಪುರ ಕಡೆ. ಪಿಕಪ್ ಐತೆ, ಸೀಸನ್‌ನಲ್ಲಿ ಸುತ್ತಮುತ್ತಲ ತೋಟಗಳಿಂದ ಟೊಮ್ಯಾಟೊ ಬಾಕ್ಸ್ ತುಂಬ್ಕೊಂಡು ಕೋಲಾರ ಎಪಿಎಂಸಿಗೆ ಹೊಡಿತೀನಿ. ಬೆಳಗ್ಗೆ ಹರಾಜಿಗೆ ಮಾಲು ಮಂಡೀಲಿ ಇರ್ಬೇಕು, ಅದಕ್ಕೆ ನನ್ನ ಓಡಾಟ ಎಲ್ಲಾ ಕತ್ಲಲ್ಲೇ. ಶ್ರೀನಿವಾಸಪುರ ಕೋಲಾರ ರೋಡಲ್ಲಿ ಎದುರು ಬರೋ ಗಾಡಿ ಲೈಟು ನೇರ ಮುಖಕ್ಕೆ ಹೊಡಿಯುತ್ತೆ, ಅದೂ ಈಗ ಬರೋ ಬಿಳಿ ಎಲ್‌ಇಡಿ ಲೈಟ್ ಇದ್ರಂತೂ ಗಾಡಿ ಪಾಸ್ ಆಗೋವರೆಗೂ ರೋಡ್ ಅಂಚು ಎಲ್ಲೈತೆ ಅಂತಾನೇ ಗೊತ್ತಾಗಲ್ಲ.

ಹೋದ ಸೀಸನ್‌ನಲ್ಲಿ ಆನ್‌ಲೈನ್‌ನಲ್ಲಿ 350 ರೂಪಾಯಿ ಕೊಟ್ಟು ಹಳದಿ ನೈಟ್ ಡ್ರೈವಿಂಗ್ ಕನ್ನಡಕ ತರಿಸ್ದೆ. ಮೊದಲ ದಿನ ಹಾಕ್ದಾಗ ಖುಷಿ ಆಯ್ತು, ಇದನ್ನ ಮುಚ್ಚಿಡಲ್ಲ. ಚುಚ್ಚೋ ಬಿಳಿ ಲೈಟು ಹಳದಿ ಆಗಿ ಮೆತ್ತಗೆ ಕಂಡ್ತು, ರೋಡ್ ಕೂಡ ಬೆಳ್ಳಗಾದಂಗೆ ಅನ್ನಿಸ್ತು, ಮಂಡೀಲಿ ಇಬ್ಬರು ಮೂವರು ಡ್ರೈವರ್‌ಗೂ ತಗೊಳ್ರಪ್ಪ ಅಂತ ಹೇಳ್ದೆ.

ಆಮೇಲೆ ಒಂದು ರಾತ್ರಿ ಎದುರಿಂದ ಬಸ್ ಬರ್ತಾ ಇತ್ತು, ನಾನು ಡಿಮ್ ಮಾಡ್ಕೊಂಡು 50ರಲ್ಲಿ ಹೋಗ್ತಾ ಇದ್ದೆ, ಎಡಗಡೆ ಸೈಕಲ್ ತಳ್ಕೊಂಡು ಒಬ್ರು ವಯಸ್ಸಾದೋರು ಹೋಗ್ತಾ ಇದ್ರು, ಕಪ್ಪು ಕಂಬಳಿ ಹೊದ್ಕೊಂಡಿದ್ರು. ಪಕ್ಕದಲ್ಲಿ ಕೂತಿದ್ದ ಭಾಮೈದ "ಭಾವ, ಭಾವ, ಎಡಕ್ಕೆ!" ಅಂತ ಕೂಗಿದ ಮೇಲೇನೇ ನಂಗೆ ಕಂಡಿದ್ದು. ಬ್ರೇಕ್ ತುಳಿದೆ, ಹಿಂದೆ ಬಾಕ್ಸೆಲ್ಲ ಜರುಗಿದ್ವು, ಅವರಿಗೆ ಏನೂ ಆಗಲಿಲ್ಲ. ಅವನು ಕೇಳಿದ್ದು ಒಂದೇ, "ಕನ್ನಡಕ ಹಾಕಿದ್ರೂ ನಿಮ್ಗೆ ಕಾಣ್ಲಿಲ್ವಾ? ನಂಗೆ ಆಗಲೇ ಕಂಡಿತ್ತಲ್ಲ." ಅವನಿಗೆ ಕನ್ನಡಕ ಇರಲಿಲ್ಲ. ಆ ಮಾತು ತಲೇಲಿ ಉಳ್ಕಂತು.

ಎರಡು ದಿನ ಆದ್ಮೇಲೆ ನಮ್ಮೂರ ಕೆರೆ ಏರಿ ಪಕ್ಕದ ಖಾಲಿ ರೋಡಲ್ಲಿ ನಾವಿಬ್ಬರೇ ಒಂದು ಪರೀಕ್ಷೆ ಮಾಡಿದ್ವಿ. ಪಿಕಪ್ ನಿಲ್ಲಿಸಿ ಡಿಮ್ ಲೈಟ್ ಹಾಕ್ದೆ. ಎದುರಿಗೆ ಸ್ವಲ್ಪ ಬಲಕ್ಕೆ, ಎದುರು ಗಾಡಿ ಬರೋ ಜಾಗದಲ್ಲಿ, ದೊಡ್ಡಪ್ಪನ ಮಗನ ಕಾರು ಲೈಟ್ ಹಾಕಿ ನಿಲ್ಲಿಸಿದ್ವಿ. ಭಾಮೈದ ಕಡುನೀಲಿ ಅಂಗಿ ಹಾಕ್ಕೊಂಡು ದೂರದಿಂದ ನನ್ನ ಕಡೆ ನಡ್ಕೊಂಡು ಬರೋದು, ಒಂದ್ಸಲ ರೋಡ್ ಎಡಗಡೆಯಿಂದ ಒಂದ್ಸಲ ಬಲಗಡೆಯಿಂದ, ಯಾವ ಕಡೆ ಅಂತ ನಂಗೆ ಹೇಳಂಗಿಲ್ಲ. ಕಂಡ ತಕ್ಷಣ ನಾನು ಹಾರ್ನ್ ಹೊಡಿಯೋದು, ಅವನು ಅಲ್ಲೇ ನಿಂತು ಗಾಡಿವರೆಗೂ ಹೆಜ್ಜೆ ಎಣಿಸೋದು. ಕನ್ನಡಕ ಇಲ್ದೆ 58, 54, 60 ಹೆಜ್ಜೆ ಬಂತು. ಕನ್ನಡಕ ಹಾಕ್ಕೊಂಡು 53, 57, 51. ಇದು ಲ್ಯಾಬ್ ಅಲ್ಲ, ಮೂರು ಮೂರು ಸಲ ಮಾಡಿದ್ದಕ್ಕೆ ಈ ನಾಲ್ಕು ಹೆಜ್ಜೆ ವ್ಯತ್ಯಾಸನ ನಾನು ದೊಡ್ಡದು ಅನ್ನಲ್ಲ. ಆದ್ರೆ ಕನ್ನಡಕದಿಂದ ದೂರ ಜಾಸ್ತಿ ಅಂತೂ ಆಗಲಿಲ್ಲ, ಮತ್ತೆ ಹಾಕ್ಕೊಂಡಾಗಲೆಲ್ಲ ನಂಗೆ "ಈಗ ಚೆನ್ನಾಗಿ ಕಾಣ್ತೈತೆ" ಅಂತಾನೇ ಅನ್ನಿಸ್ತಾ ಇತ್ತು, ಅದೇ ನಂಗೆ ಭಯ ಆಗಿದ್ದು.

ಆಮೇಲೆ ಓದಿದಾಗ ಇದನ್ನೇ ಸರಿಯಾಗಿ ಮಾಡಿ ನೋಡಿದೋರು ಇದ್ದಾರೆ ಅಂತ ಗೊತ್ತಾಯ್ತು. ಅಮೆರಿಕದ ಬಾಸ್ಟನ್‌ನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯೋರು 22 ಜನರನ್ನ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಎದುರು ಗಾಡಿ ಲೈಟ್ ಬಿಟ್ಟು, ಅಂಗಡೀಲಿ ಸಿಗೋ ಮೂರು ಥರದ ಹಳದಿ ಕನ್ನಡಕ ಮತ್ತೆ ಒಂದು ಸಾದಾ ಕನ್ನಡಕ ಹಾಕಿಸಿ, ನಡ್ಕೊಂಡು ಹೋಗೋ ಮನುಷ್ಯನನ್ನ ಎಷ್ಟು ಬೇಗ ಗುರುತಿಸ್ತಾರೆ ಅಂತ ನೋಡಿದ್ರು. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಪತ್ರಿಕೇಲಿ ಬಂತು. ಹಳದಿ ಗಾಜಿಂದ ಮನುಷ್ಯ ಬೇಗ ಕಾಣಲಿಲ್ಲ.

ಕಾರಣ ತಿಳ್ಕೊಂಡ್ರೆ ಸುಲಭ. ಎದುರು ಲೈಟ್ ಕಣ್ಣೊಳಗೆ ಹೋದ್ಮೇಲೆ ಅಲ್ಲಿ ಚದುರಿ ಒಂದು ತೆಳು ಬಿಳಿ ಪರದೆ ಥರ ಹರಡುತ್ತೆ, ನೀರಿಗೆ ಎರಡು ಹನಿ ಹಾಲು ಬಿಟ್ಟಂಗೆ. ಆ ಪರದೆ ಹಿಂದೆ ಕಪ್ಪು ಕಂಬಳಿ ಹೊದ್ದೋರು ಮುಚ್ಚೋಗ್ತಾರೆ. ಹಳದಿ ಗಾಜು ಮಾಡೋದು ಬೆಳಕನ್ನ ಸೋಸೋದು ಅಷ್ಟೇ, ಅದ್ರಲ್ಲೂ ನೀಲಿ ಭಾಗ ಜಾಸ್ತಿ ತೆಗಿಯುತ್ತೆ. ಎದುರು ಲೈಟಿಂದ ನೂರಕ್ಕೆ ಹದಿನೈದು ಪಾಲು ಕಳೆದ್ರೆ, ಆ ಮನುಷ್ಯನ ಮೈಮೇಲೆ ಬಿದ್ದು ವಾಪಸ್ ಬರೋ ಚೂರು ಬೆಳಕಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಾಲು ಕಳಿಯುತ್ತೆ. ಪರದೆಗೂ ಮನುಷ್ಯನಿಗೂ ಇರೋ ವ್ಯತ್ಯಾಸ ಇದ್ದಂಗೇ ಇರುತ್ತೆ, ಒಟ್ಟು ಬೆಳಕು ಮಾತ್ರ ಕಮ್ಮಿ. ಲೈಟ್ ಚುಚ್ಚೋದು ಕಮ್ಮಿ ಆಯ್ತು ಅನ್ನೋದು ನಿಜಾನೇ, ಆದ್ರೆ ಚುಚ್ಚದೆ ಇರೋದು ಬೇರೆ, ಕಾಣೋದು ಬೇರೆ.

ಸರಿ, ಹಂಗಾದ್ರೆ ಏನು ಮಾಡೋದು ಅಂತ ಹುಡುಕಿದಾಗ ನಂಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟಿದ್ದು ಮುಂದಿನ ಗ್ಲಾಸ್ ಒಳಗಡೆ ಮುಖ. ಹೊರಗಡೆ ದಿನಾ ನೀರು ಹಾಕಿ ಉಜ್ತಾ ಇದ್ದೆ, ಒಳಗಡೆ ವರ್ಷದಿಂದ ಮುಟ್ಟಿರಲಿಲ್ಲ. ಬೆರಳಿಟ್ಟು ಎಳೆದೆ, ಗೆರೆ ಮೂಡ್ತು, ಬೆರಳಿಗೆ ಎಣ್ಣೆ ಜಿಡ್ಡು ಥರ ಬಂತು. ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಕಾದು ಅದರಿಂದ ಏಳೋ ಆವಿ ಗ್ಲಾಸಿಗೆ ಕೂರುತ್ತೆ, ಅದಕ್ಕೆ ಧೂಳು, ಬೀಡಿ ಹೊಗೆ ಅಂಟ್ಕೊಳುತ್ತೆ. ಹಗಲು ಏನೂ ಗೊತ್ತಾಗಲ್ಲ, ರಾತ್ರಿ ಎದುರು ಲೈಟ್ ಬಿದ್ರೆ ಇಡೀ ಗ್ಲಾಸೇ ಬೆಳ್ಳಗೆ ಹತ್ಕೊಂಡಂಗೆ ಆಗುತ್ತೆ. ಪಾತ್ರೆ ತೊಳಿಯೋ ಲಿಕ್ವಿಡ್ ಎರಡು ಹನಿ ಒಂದು ಮಗ್ ನೀರಿಗೆ ಹಾಕಿ, ಬಟ್ಟೆ ಹಿಂಡಿ ಒರೆಸಿ, ಸಾದಾ ನೀರಿನ ಬಟ್ಟೇಲಿ ಎರಡು ಸಲ, ಆಮೇಲೆ ಒಣ ಬಟ್ಟೆ. ಮೊದಲನೇ ಬಟ್ಟೆ ಕಂದು ಬಣ್ಣ ಆಯ್ತು. ಸರಿ ಆಗಿದ್ಯಾ ಅಂತ ನೋಡೋಕೆ ಕತ್ಲಲ್ಲಿ ಹೊರಗಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡ್ದು ಒಳಗೆ ಕೂತು ನೋಡಿ, ಮಬ್ಬು ಉಳಿದಿದ್ರೆ ಮೋಡದಂಗೆ ಕಾಣುತ್ತೆ. ಜೊತೇಲಿ ವೈಪರ್ ರಬ್ಬರ್ ಕೂಡ ಬದಲಾಯಿಸ್ದೆ, ಹಳೇದ್ರಲ್ಲಿ ಮರಳು ಕೂತು ಗ್ಲಾಸಿಗೆ ಕಮಾನು ಆಕಾರದಲ್ಲಿ ಗೀರು ಹಾಕ್ತಾ ಇತ್ತು. ಗೀರು ಒಂದ್ಸಲ ಬಿತ್ತು ಅಂದ್ರೆ ತೊಳೆದು ಹೋಗಲ್ಲ, ಆಳ ಆಗಿದ್ರೆ ಗ್ಲಾಸೇ ಬದಲಾಯಿಸ್ಬೇಕು.

ಅದೇ ಕೆರೆ ಏರಿ ರೋಡು, ಅದೇ ಅಂಗಿ, ಅದೇ ಕಾರು, ಕನ್ನಡಕ ಇಲ್ದೆ ಇನ್ನೊಂದ್ಸಲ ಮಾಡಿದ್ವಿ. 66, 70, 64 ಹೆಜ್ಜೆ. ಸುಮಾರು ಒಂಬತ್ತು ಹೆಜ್ಜೆ ಜಾಸ್ತಿ, ಅಂದ್ರೆ ಆರೇಳು ಮೀಟರ್, ಖರ್ಚು ವೈಪರ್ ರಬ್ಬರ್‌ದು ಮಾತ್ರ.

ಆದ್ರೂ ಲೈಟ್ ಸುತ್ತ ನಕ್ಷತ್ರದ ಥರ ಉದ್ದ ಕಡ್ಡಿಗಳು ಏಳೋದು ಹೋಗಿರಲಿಲ್ಲ. ಇದು ಗ್ಲಾಸಿಂದೋ ಕಣ್ಣಿಂದೋ ಅಂತ ಕಂಡ್ಕೊಳ್ಳೋದು ತುಂಬಾ ಸುಲಭ. ಗಾಡಿ ನಿಲ್ಲಿಸಿರುವಾಗ ದೂರದ ಬೀದಿ ದೀಪ ನೋಡ್ತಾ ತಲೆನ ನಿಧಾನಕ್ಕೆ ಭುಜದ ಕಡೆ ಓರೆ ಮಾಡಿ. ಕಡ್ಡಿಗಳು ತಲೆ ಜೊತೇಲೇ ತಿರುಗಿದ್ರೆ ಅದು ಕಣ್ಣಿಂದ, ತಿರುಗದೆ ಇದ್ದಲ್ಲೇ ಇದ್ರೆ ಗ್ಲಾಸಿಂದ. ನಂದು ತಿರುಗ್ತು. ಕಣ್ಣು ಚೆಕ್ ಮಾಡಿಸ್ದಾಗ ಬಲಗಣ್ಣಿಗೆ 0.75 ಸಿಲಿಂಡರ್ ಪವರ್ ಬಂತು. ಹಗಲಲ್ಲಿ ಪಾಪೆ ಚಿಕ್ಕದಾಗಿರುತ್ತೆ ಅದಕ್ಕೆ ಅಷ್ಟು ಪವರ್ ತೊಂದರೆ ಕೊಡಲ್ಲ, ರಾತ್ರಿ ಪಾಪೆ ಅಗಲ ಆದಾಗ ಅದೇ ಪವರ್ ಲೈಟನ್ನ ಎಳೆದು ಹರಡುತ್ತೆ. ಹಳದಿ ಬಣ್ಣ ಬೇಡ, ಬಿಳಿ ಗಾಜೇ ಕೊಡಿ, ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇರ್ಲಿ ಅಂದೆ. ಕೋಟಿಂಗ್ ಇಲ್ದೇ ಇರೋ ಗಾಜಲ್ಲಿ ಎರಡೂ ಮುಖ ಸೇರಿ ನೂರಕ್ಕೆ ಸುಮಾರು 8 ಪಾಲು ಬೆಳಕು ವಾಪಸ್ ಹೊಡಿಯುತ್ತೆ, ಹಿಂದಿನ ಗಾಡಿ ಲೈಟಂತೂ ಕನ್ನಡಕದ ಒಳಮುಖಕ್ಕೆ ಬಿದ್ದು ನೇರ ಕಣ್ಣಿಗೆ ಬರುತ್ತೆ. ಕೋಟಿಂಗ್ ಇದ್ರೆ ಅದು ತುಂಬಾ ಕಮ್ಮಿ.

ಇಲ್ಲಿ ನಮ್ಮ ಸೋದರಮಾವನ ವಿಷಯ ಹೇಳ್ಲೇಬೇಕು. 63 ವರ್ಷ, ಟೆಂಪೋ ಓಡಿಸ್ತಾರೆ, ನನ್ನ ಮಾತು ಕೇಳೇ ಹಳದಿ ಕನ್ನಡಕ ತಗೊಂಡಿದ್ರು, ಅದು ಇದ್ರೆ ಆರಾಮ ಅಂತ ಆರು ತಿಂಗಳು ತಳ್ಳಿದ್ರು. ನಾನೇ ಕರ್ಕೊಂಡು ಹೋಗಿ ತೋರಿಸ್ದಾಗ ಎರಡೂ ಕಣ್ಣಲ್ಲಿ ಪೊರೆ. ಪೊರೆ ಅಂದ್ರೆ ಕಣ್ಣೊಳಗಿನ ಮಸೂರನೇ ಮಬ್ಬಾಗಿರೋದು, ಆ ಹಾಲಿನ ಪರದೆ ಅಲ್ಲೇ ಏಳೋದು, ಹೊರಗಡೆ ಯಾವ ಬಣ್ಣದ ಗಾಜು ಇಟ್ರೂ ಹೋಗಲ್ಲ. ಆಪರೇಷನ್ ಆದ್ಮೇಲೆ ಅವರು ಮತ್ತೆ ರಾತ್ರಿ ಗಾಡಿ ಮುಟ್ಟಿದ್ದು. ನಾನು ಹೇಳಿದ್ದಕ್ಕೆ ಅವರು ಆರು ತಿಂಗಳು ಹಂಗೇ ಓಡಾಡಿದ್ರು ಅನ್ನೋದು ಇವತ್ತಿಗೂ ನಂಗೆ ಬೇಜಾರು.

ಕೊನೇದು ನನ್ನ ಗಾಡಿ ಲೈಟಿಂದೇ. ಎದುರಿಂದ ಬರೋರೆಲ್ಲ ಯಾಕೆ ನಂಗೆ ಹೈ ಬೀಮ್ ಹೊಡೀತಾರೆ, ನಾನು ಡಿಮ್ಮಲ್ಲೇ ಇದೀನಲ್ಲ ಅಂತ ಬೈಕೋತಾ ಇದ್ದೆ. 15 ಕೆಜಿ ಬಾಕ್ಸ್ ಎಂಬತ್ತು ತುಂಬಿದ್ರೆ 1200 ಕೆಜಿ ಹಿಂದಿನ ಆಕ್ಸೆಲ್ ಮೇಲೆ ಕೂರುತ್ತೆ, ಮೂತಿ ಮೇಲೇಳುತ್ತೆ, ಡಿಮ್ ಲೈಟೂ ಎದುರಿನೋರ ಕಣ್ಣಿಗೇ ಹೋಗುತ್ತೆ. ಅವರು ಅದನ್ನ ಹೈ ಬೀಮ್ ಅಂದ್ಕೊಂಡು ವಾಪಸ್ ಹೊಡೀತಾ ಇದ್ರು. ಸಮ ಇರೋ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಐತೋ ಅಷ್ಟಕ್ಕೆ ಗೋಡೆ ಮೇಲೆ ಟೇಪ್ ಅಂಟಿಸ್ದೆ. ಡಿಮ್ ಲೈಟಿನ ಮೇಲಂಚು ಆ ಟೇಪಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳ್ಬೇಕು. ಖಾಲಿ ಗಾಡೀಲಿ ಸರಿ ಇತ್ತು, ಲೋಡ್ ಆದ್ಮೇಲೆ ಟೇಪಿಗಿಂತ 4 ಸೆಂಟಿಮೀಟರ್ ಮೇಲೆ. ಗೋಡೇಲಿ ಚಿಕ್ಕದು ಕಾಣುತ್ತೆ, ಆದ್ರೆ 50 ಮೀಟರ್ ಹೋಗೋಷ್ಟರಲ್ಲಿ ಅದು ಹೆಡ್‌ಲೈಟಿಗಿಂತ 40 ಸೆಂಟಿಮೀಟರ್ ಮೇಲೆ, ಕಾರಲ್ಲಿ ಕೂತೋರ ಮುಖಕ್ಕೆ ಸರಿಯಾಗಿ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ನಂಬರ್ ಇರೋ ಚಿಕ್ಕ ಚಕ್ರ ಐತಲ್ಲ, ಅದು ಇದಕ್ಕೇ ಇರೋದು, ನಾನು ಮುಟ್ಟೇ ಇರಲಿಲ್ಲ. 3ಕ್ಕೆ ತಿರುಗಿಸ್ದೆ, ಟೇಪಿನ ಕೆಳಗೆ ಬಂತು. ನಿಮ್ಮ ಗಾಡೀಲಿ ಆ ಚಕ್ರ ಇಲ್ದೇ ಇದ್ರೆ ಮೆಕ್ಯಾನಿಕ್ ಹತ್ರ ಲೋಡ್ ಸಮೇತ ಹೋಗಿ ಸ್ಕ್ರೂ ಸರಿ ಮಾಡಿಸ್ಕೊಳ್ಳಿ. ಹ್ಯಾಲೋಜನ್ ಡೂಮಿಗೆ ಬಿಳಿ ಎಲ್‌ಇಡಿ ಬಲ್ಬ್ ಹಾಕ್ಸು ಅಂತ ಕೆಲವರು ಹೇಳ್ತಾರೆ, ಹಾಕಿಸ್ಬೇಡಿ. ಆ ಡೂಮು ಹ್ಯಾಲೋಜನ್ ತಂತಿ ಇರೋ ಜಾಗಕ್ಕೆ ಲೆಕ್ಕ ಹಾಕಿ ಮಾಡಿರೋದು, ಬೇರೆ ಬಲ್ಬ್ ಹಾಕಿದ್ರೆ ಬೆಳಕು ಚೆಲ್ಲಾಪಿಲ್ಲಿ ಆಗುತ್ತೆ.

ಇಷ್ಟೆಲ್ಲ ಮಾಡಿದ್ರೂ ಹೈ ಬೀಮಲ್ಲೇ ಬರೋ ಬಸ್ಸು ಲಾರಿ ಇರ್ತಾವೆ, ಅದಕ್ಕೆ ಮದ್ದಿಲ್ಲ. ಅಂಥದ್ದು ಬಂದಾಗ ಲೈಟನ್ನ ನೋಡಲ್ಲ, ಎಡಗಡೆ ಅಂಚಿನ ಬಿಳಿ ಗೆರೆ ನೋಡ್ಕೊಂಡು ಆಕ್ಸಿಲರೇಟರ್ ಬಿಡ್ತೀನಿ. ಗೆರೆ ಅಳಿಸಿ ಹೋಗಿರೋ ಕಡೆ 30ಕ್ಕೆ ಇಳಿಸ್ತೀನಿ, 60ರಲ್ಲಿ ಇದ್ರೆ ಸೆಕೆಂಡಿಗೆ 16 ಮೀಟರ್ ಮೇಲೆ ಕಣ್ಣುಮುಚ್ಚಿ ಹೋದಂಗೆ. ಮತ್ತೆ ಮಂಡೀಲಿ ಲೋಡ್ ಇಳಿಸಿದ ತಕ್ಷಣ ಆ ಚಕ್ರನ ವಾಪಸ್ 0ಕ್ಕೆ ತರೋದು ಮರೀಬೇಡಿ, ಮೊದಲ ವಾರ ನಾನು ಮರ್ತು ಖಾಲಿ ಗಾಡೀಲಿ ವಾಪಸ್ ಬರುವಾಗ ಲೈಟು ಬಾನೆಟ್ ಮುಂದೇನೇ ಬಿದ್ದು ರೋಡೇ ಕಾಣ್ತಾ ಇರಲಿಲ್ಲ.